ತೆರಿಗೆ ನೋಟಿಸಿನ ಮೂರು ಸಾಲು

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ಸಂಬಳದಾರರಿಗೂ ಪಿಂಚಣಿದಾರರಿಗೂ ಇಲಾಖೆಯಿಂದ ತಪ್ಪದೆ ಬರುವ ಪತ್ರವೊಂದಿದೆ. ಅದರ ಹೆಸರು ಸೆಕ್ಷನ್ 143(1)ರ ಇಂಟಿಮೇಷನ್. ದೇಶದ ಎಲ್ಲೆಡೆಯಿಂದ ಸಲ್ಲಿಕೆಯಾಗುವ ರಿಟರ್ನ್‌ಗಳನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿಪಿಸಿ, ಗಣಕಯಂತ್ರದ ನೆರವಿನಿಂದ ತಾಳೆ ನೋಡಿ ಈ ಪತ್ರವನ್ನು ಇಮೇಲ್ ಮೂಲಕ ಕಳಿಸುತ್ತದೆ. ಪತ್ರ ಹಲವು ಪುಟಗಳಷ್ಟಿರುತ್ತದೆ. ತುಂಬ ಇಂಗ್ಲಿಷ್, ಸೆಕ್ಷನ್ ಸಂಖ್ಯೆಗಳು, ಪಕ್ಕಪಕ್ಕದಲ್ಲಿ ಎರಡು ಕಾಲಂ ಅಂಕಿಗಳು. ಆದರೆ ಓದುವವರಿಗೆ ಅದರಿಂದ ಬೇಕಾದ ಉತ್ತರಗಳು ಮೂರೇ: ಇಲಾಖೆ ಏನು ಕೇಳುತ್ತಿದೆ, ಎಷ್ಟು ಕೇಳುತ್ತಿದೆ, ಯಾವ ದಿನದೊಳಗೆ ಕೇಳುತ್ತಿದೆ. ಈ ಮೂರನ್ನು ಮೂರು ಸಾಲಿನಲ್ಲಿ ಬರೆದುಕೊಳ್ಳುವಷ್ಟರ ಮಟ್ಟಿಗೆ ಪತ್ರವನ್ನು ಇಳಿಸಬಹುದು. ಹಾಗೆ ಇಳಿಸುವಾಗ ಜನ ಎಡವುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ.

ಸಾರ ತೆಗೆಯುವ ಮೊದಲು ಪತ್ರ ನಿಜವಾದದ್ದೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ತೆರಿಗೆ ಇಲಾಖೆಯ ಹೆಸರಿನಲ್ಲಿ ಬರುವ ನಕಲಿ ಸಂದೇಶಗಳು ಕಡಿಮೆಯೇನಲ್ಲ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿಐಎನ್, ಇರಲೇಬೇಕೆಂಬ ನಿಯಮವಿದೆ. `incometax.gov.in` ತಾಣದ ಮುಖಪುಟದಲ್ಲಿ ನೋಟಿಸಿನ ಅಸಲಿತನ ಪರೀಕ್ಷಿಸುವ ಸೌಲಭ್ಯವಿದ್ದು, ಅಲ್ಲಿ ಈ ಸಂಖ್ಯೆಯನ್ನು ಕೊಟ್ಟರೆ ಅಂಥ ಪತ್ರ ಹೊರಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕಿಂತ ಸುಲಭದ ದಾರಿಯೂ ಒಂದಿದೆ. ಇಮೇಲಿನಲ್ಲಿರುವ ಕೊಂಡಿಯನ್ನು ಒತ್ತದೆ, ತಾಣದ ವಿಳಾಸವನ್ನು ತಾವೇ ಟೈಪ್ ಮಾಡಿ ತಮ್ಮ ಖಾತೆಗೆ ಹೋದರೆ ಅದೇ ಪತ್ರ ಅಲ್ಲಿಯೂ ಕಾಣಿಸಬೇಕು. ಅಸಲಿ ಇಂಟಿಮೇಷನ್ ಬೀಗ ಹಾಕಿದ ಪಿಡಿಎಫ್ ಆಗಿರುತ್ತದೆ. ಸಣ್ಣ ಅಕ್ಷರಗಳಲ್ಲಿ ಬರೆದ ಪ್ಯಾನ್ ಸಂಖ್ಯೆ, ಅದರ ಹಿಂದೆಯೇ ದಿನ, ತಿಂಗಳು, ವರ್ಷದ ಕ್ರಮದಲ್ಲಿ ಎಂಟು ಅಂಕಿಗಳ ಜನ್ಮದಿನಾಂಕ, ಇವೆರಡೂ ಸೇರಿ ಅದರ ಪಾಸ್‌ವರ್ಡ್. ಬ್ಯಾಂಕ್ ಕಾರ್ಡಿನ ವಿವರವನ್ನೋ ಒಟಿಪಿಯನ್ನೋ ಮರು ಇಮೇಲಿನಲ್ಲಿ ಕೇಳುವ ಪತ್ರ ಇಲಾಖೆಯದಲ್ಲ.

ಇನ್ನು ಮೊದಲ ಸಾಲು: ಇದು ಏನು ಕೇಳುತ್ತಿದೆ? 143(1)ರ ಇಂಟಿಮೇಷನ್ ಬಂತೆಂದರೆ ಹಣ ಕಟ್ಟಲೇಬೇಕು ಎಂದಲ್ಲ. ಅದು ಮೂರರಲ್ಲಿ ಯಾವುದಾದರೂ ಒಂದನ್ನು ಹೇಳುತ್ತದೆ. ಮೊದಲನೆಯದು, ಇಲಾಖೆಯೇ ಹಣ ಹಿಂದಿರುಗಿಸಬೇಕಿದೆ. ಎರಡನೆಯದು, ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ರಿಟರ್ನ್‌ನ ಲೆಕ್ಕ ಸರಿಯಾಗಿದೆ. ಮೂರನೆಯದು, ತೆರಿಗೆದಾರರು ಇನ್ನೂ ಇಷ್ಟು ಕಟ್ಟಬೇಕಿದೆ. ಮೊದಲ ಎರಡು ಬಗೆಯ ಪತ್ರವಾದರೆ ಸಾರದ ಮೊದಲ ಸಾಲಿನಲ್ಲಿ ‘ಏನೂ ಕೇಳಿಲ್ಲ’ ಎಂದು ಬರೆದು ಕಡತಕ್ಕೆ ಸೇರಿಸಿದರೆ ಸಾಕು. ಅನೇಕ ಮನೆಗಳಲ್ಲಿ ‘ಇನ್‌ಕಂ ಟ್ಯಾಕ್ಸ್‌ನಿಂದ ನೋಟಿಸ್ ಬಂದಿದೆ’ ಎಂದು ಹುಟ್ಟುವ ಆತಂಕಕ್ಕೆ ಕಾರಣವಾದ ಪತ್ರ ಈ ಏನೂ ಕೇಳದ ಬಗೆಯದೇ ಆಗಿರುತ್ತದೆ. ಮೂರನೆಯ ಬಗೆಯದಾದರೆ ಮಾತ್ರ ಪತ್ರದ ತೂಕವೇ ಬೇರೆ. ಕಟ್ಟಬೇಕಾದ ಮೊತ್ತವಿರುವ ಇಂಟಿಮೇಷನ್ ಅನ್ನು ಕಾನೂನು ಸೆಕ್ಷನ್ 156ರ ಬೇಡಿಕೆ ನೋಟಿಸ್ ಎಂದೇ ಪರಿಗಣಿಸುತ್ತದೆ. ಬೇರೊಂದು ಡಿಮ್ಯಾಂಡ್ ನೋಟಿಸ್ ಬರಲಿ, ಆಮೇಲೆ ನೋಡೋಣ ಎಂದು ಕಾಯುವಂತಿಲ್ಲ.

ಹೋಲುವ ಇನ್ನೆರಡು ಪತ್ರಗಳು ಇಲ್ಲಿ ಗೊಂದಲ ಹುಟ್ಟಿಸುತ್ತವೆ. 143(1)(a) ಎಂಬ ಉಲ್ಲೇಖವಿದ್ದು, ‘ನಿಮ್ಮ ಲೆಕ್ಕದಲ್ಲಿ ಇಂಥ ಬದಲಾವಣೆ ಮಾಡಲಿದ್ದೇವೆ’ ಎಂದು ತಿಳಿಸುವ ಪತ್ರ ಹಣ ಕೇಳುವುದಿಲ್ಲ, ಉತ್ತರ ಕೇಳುತ್ತದೆ. ಅದಕ್ಕಿರುವ ಕಾಲಾವಕಾಶ 30 ದಿನ. ಸೆಕ್ಷನ್ 139(9)ರ ಪತ್ರ ರಿಟರ್ನ್‌ನಲ್ಲಿರುವ ದೋಷವನ್ನು ತಿದ್ದಿ ಕಳಿಸಲು ಹೇಳುತ್ತದೆ. ಅದಕ್ಕೆ 15 ದಿನ. ಈ ಎರಡರಲ್ಲೂ ಅಂಕಿಗಳು ಇರಬಹುದು, ಆದರೆ ಅವು ಕಟ್ಟಬೇಕಾದ ಮೊತ್ತವಲ್ಲ. ಆದ್ದರಿಂದ ಓದು ಮೊತ್ತದಿಂದ ಶುರುವಾಗಬಾರದು, ಮೇಲ್ಭಾಗದ ಸೆಕ್ಷನ್ ಸಂಖ್ಯೆಯಿಂದ ಶುರುವಾಗಬೇಕು. ಈ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬೇರೆ. ಆದರೂ ಅದಕ್ಕೆ ಹಿಂದಿನ ವರ್ಷಗಳ ಆದಾಯದ ಲೆಕ್ಕ ಹಳೆಯ ಕಾಯ್ದೆಯ ಪ್ರಕಾರವೇ ನಡೆಯುತ್ತದೆ.

ಎರಡನೆಯ ಸಾಲಿಗೆ, ಅಂದರೆ ಮೊತ್ತಕ್ಕೆ, ಒಂದು ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ನೋಡುವುದು ಒಳ್ಳೆಯದು. ಖಾಸಗಿ ಪ್ರೌಢಶಾಲೆಯೊಂದರ ಶಿಕ್ಷಕಿಯೊಬ್ಬರು 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ 9,00,000 ರೂಪಾಯಿ ಸಂಬಳ ಪಡೆದಿದ್ದಾರೆ, ಬ್ಯಾಂಕಿನ ನಿಶ್ಚಿತ ಠೇವಣಿಯಿಂದ 60,000 ರೂಪಾಯಿ ಬಡ್ಡಿ ಬಂದಿದೆ, ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಿದ್ದಾರೆ ಎಂದು ಇಟ್ಟುಕೊಳ್ಳಬಹುದು. ಸಂಬಳದಿಂದ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಬಡ್ಡಿ ಸೇರಿಸಿದರೆ ತೆರಿಗೆಗೆ ಒಳಪಡುವ ಆದಾಯ 9,10,000 ರೂಪಾಯಿ. ಆ ವರ್ಷದ ದರದಲ್ಲಿ ಇದರ ಮೇಲಿನ ತೆರಿಗೆ 46,500. ಶೇ 4ರ ಸೆಸ್ 1,860 ಸೇರಿ ಒಟ್ಟು 48,360 ರೂಪಾಯಿ. ಶಾಲೆ ಸಂಬಳದಲ್ಲಿ 41,600 ರೂಪಾಯಿ ಟಿಡಿಎಸ್ ಮುರಿದುಕೊಂಡಿದೆ, ಬ್ಯಾಂಕು ಬಡ್ಡಿಯ ಮೇಲೆ ಶೇ 10ರಂತೆ 6,000 ಮುರಿದುಕೊಂಡಿದೆ. ಉಳಿದ 760 ರೂಪಾಯಿಯನ್ನು ಶಿಕ್ಷಕಿ ತಾವೇ ಕಟ್ಟಿ, 2024ರ ಜುಲೈ 20ರಂದು ರಿಟರ್ನ್ ಸಲ್ಲಿಸಿದ್ದಾರೆ. ಅವರ ಲೆಕ್ಕದಲ್ಲಿ ಬಾಕಿ ಸೊನ್ನೆ.

ಸೆಪ್ಟೆಂಬರ್ 12ರಂದು ಇಂಟಿಮೇಷನ್ ಬರುತ್ತದೆ. ಅದರ ಮೇಲೆ ‘ಅಸೆಸ್‌ಮೆಂಟ್ ವರ್ಷ 2024-25’ ಎಂದಿರುತ್ತದೆ. ಇದು ಸಂಬಳ ಕೈಗೆ ಬಂದ ವರ್ಷವಲ್ಲ, ಅದರ ಮರುವರ್ಷ. ಈ ಒಂದು ವರ್ಷದ ವ್ಯತ್ಯಾಸವನ್ನು ಮರೆತವರು ಬೇರೆಯೇ ವರ್ಷದ ಕಾಗದಪತ್ರ ತೆಗೆದಿಟ್ಟುಕೊಂಡು ತಲೆಕೆಡಿಸಿಕೊಳ್ಳುತ್ತಾರೆ. ಒಳಗಿನ ಕೋಷ್ಟಕದಲ್ಲಿ ಎರಡು ಕಾಲಂಗಳಿವೆ. ಒಂದು ತೆರಿಗೆದಾರರು ರಿಟರ್ನ್‌ನಲ್ಲಿ ಕೊಟ್ಟ ಅಂಕಿ, ಇನ್ನೊಂದು 143(1)ರ ಪ್ರಕಾರ ಸಿಪಿಸಿ ಹಾಕಿದ ಅಂಕಿ. ಪತ್ರದ ಉದ್ದಕ್ಕೆಲ್ಲ ಕಾರಣ ಈ ಕೋಷ್ಟಕವೇ. ಸಂಬಳ, ಮನೆ ಬಾಡಿಗೆ, ವ್ಯಾಪಾರ, ಬಂಡವಾಳ ಲಾಭ ಎಂದು ಎಲ್ಲ ಬಗೆಯ ಆದಾಯಕ್ಕೂ ಅಲ್ಲಿ ಸಾಲುಗಳಿದ್ದು, ಈ ಶಿಕ್ಷಕಿಗೆ ಅವುಗಳಲ್ಲಿ ಹೆಚ್ಚಿನವು ಸೊನ್ನೆ.

ಕೋಷ್ಟಕವನ್ನು ಮೇಲಿಂದ ಕೆಳಗೆ ಪೂರ್ತಿ ಓದಬೇಕಾಗಿಲ್ಲ. ಎರಡು ಕಾಲಂಗಳನ್ನು ಜೊತೆಯಾಗಿ ಗಮನಿಸುತ್ತ, ಎಲ್ಲಿ ಮೊದಲ ಬಾರಿ ಅಂಕಿಗಳು ಬೇರೆಯಾಗುತ್ತವೆಯೋ ಅಲ್ಲಿ ನಿಲ್ಲಬೇಕು. ಶಿಕ್ಷಕಿಯ ಪತ್ರದಲ್ಲಿ ಸಂಬಳದ ಸಾಲು ಎರಡೂ ಕಡೆ ಒಂದೇ, ಬಡ್ಡಿ ಒಂದೇ, ಒಟ್ಟು ಆದಾಯ 9,10,000 ಒಂದೇ, ತೆರಿಗೆ ಮತ್ತು ಸೆಸ್ ಸೇರಿ 48,360 ಕೂಡ ಒಂದೇ. ಟಿಡಿಎಸ್ ಸಾಲಿಗೆ ಬಂದಾಗ ಮಾತ್ರ ಎಡಕ್ಕೆ 47,600, ಬಲಕ್ಕೆ 41,600. ಅಲ್ಲಿಂದ ಕೆಳಗಿನ ಸಾಲುಗಳಲ್ಲಿ ಕಾಣುವ ವ್ಯತ್ಯಾಸವೆಲ್ಲ ಇದೇ 6,000ದ ಪರಿಣಾಮ. ಕೊನೆಯಲ್ಲಿ ನಿವ್ವಳ ಪಾವತಿಸಬೇಕಾದ ಮೊತ್ತ 6,000 ರೂಪಾಯಿ ಎಂದಿರುತ್ತದೆ. ಸಾರದ ಎರಡನೆಯ ಸಾಲಿಗೆ ಬರಬೇಕಾದದ್ದು ಈ ನಿವ್ವಳ ಮೊತ್ತ ಒಂದೇ.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಕಣ್ಣಿಗೆ ಮೊದಲು ಬೀಳುವ ದೊಡ್ಡ ಅಂಕಿಯನ್ನು ಬೇಡಿಕೆ ಎಂದು ತಿಳಿಯುವುದು. 48,360 ಎಂಬುದು ವರ್ಷದ ಒಟ್ಟು ತೆರಿಗೆ. ಅದರಲ್ಲಿ 42,360 ಆಗಲೇ ಸರ್ಕಾರಕ್ಕೆ ಸೇರಿದೆ ಎಂದು ಸಿಪಿಸಿಯೇ ಒಪ್ಪಿಕೊಂಡಿದೆ. ಇದಕ್ಕೆ ವಿರುದ್ಧದ ತಪ್ಪೂ ಉಂಟು. ತೆರಿಗೆಯ ವ್ಯತ್ಯಾಸವನ್ನಷ್ಟೇ ನೋಡಿ, ಅದರ ಕೆಳಗಿರುವ 234ಎ, 234ಬಿ, 234ಸಿ ಬಡ್ಡಿಯನ್ನೂ ತಡವಾಗಿ ಸಲ್ಲಿಸಿದ್ದಕ್ಕೆ ಬೀಳುವ 234ಎಫ್ ಶುಲ್ಕವನ್ನೂ ಬಿಟ್ಟು ಬರೆದುಕೊಳ್ಳುವುದು. ಶಿಕ್ಷಕಿ ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದಾರೆ, ಟಿಡಿಎಸ್ ಕಳೆದು ಉಳಿಯುವ ತೆರಿಗೆಯೂ 10,000 ರೂಪಾಯಿ ಮುಟ್ಟಿಲ್ಲ. ಹಾಗಾಗಿ ಅವರಿಗೆ ಈ ಬಡ್ಡಿ, ಶುಲ್ಕ ಯಾವುದೂ ಬಿದ್ದಿಲ್ಲ. ಉಳಿದವರ ಪತ್ರಗಳಲ್ಲಿ ಇವೆಲ್ಲ ನಿವ್ವಳ ಮೊತ್ತದೊಳಗೇ ಸೇರಿರುತ್ತವೆ. ನಿವ್ವಳ ಮೊತ್ತ 100 ರೂಪಾಯಿಗಿಂತ ಕಡಿಮೆಯಿದ್ದರೆ ಕಟ್ಟಬೇಕಾಗಿಲ್ಲ ಎಂಬ ಟಿಪ್ಪಣಿಯೂ ಪತ್ರದಲ್ಲಿರುತ್ತದೆ.

ಮೂರನೆಯ ಸಾಲು ಕೊನೆಯ ದಿನ. ಮೂರರಲ್ಲಿ ಇದೇ ಹೆಚ್ಚು ಕಷ್ಟದ್ದು, ಏಕೆಂದರೆ ಆ ದಿನಾಂಕ ಅಚ್ಚಾಗಿ ಸಿದ್ಧವಾಗಿ ಸಿಗುವುದಿಲ್ಲ. ನೋಟಿಸ್ ತಲುಪಿದ 30 ದಿನಗಳೊಳಗೆ ಎಂದಷ್ಟೇ ಕಾನೂನು ಹೇಳುತ್ತದೆ. ಎಣಿಸುವುದು ಓದುಗರ ಕೆಲಸ. ಪತ್ರದಲ್ಲಿ ಕಾಣುವ ಬೇರೆ ದಿನಾಂಕಗಳು, ಅಂದರೆ ರಿಟರ್ನ್ ಸಲ್ಲಿಸಿದ ದಿನ, ರಿಟರ್ನ್ ಸಲ್ಲಿಕೆಗೆ ಇದ್ದ ಗಡುವು, ಆದೇಶದ ದಿನ, ಇವು ಯಾವುವೂ ಹಣ ಕಟ್ಟಲು ಕೊನೆಯ ದಿನವಲ್ಲ. ತಲುಪಿದ ದಿನ ಎಂದರೆ ಇಮೇಲ್ ತೆರೆದು ಓದಿದ ದಿನವೂ ಅಲ್ಲ, ಅದು ಅಂಚೆಪೆಟ್ಟಿಗೆಗೆ ಬಂದು ಬಿದ್ದ ದಿನ. ಸ್ಪ್ಯಾಮ್ ಕಡತದಲ್ಲಿ ಎರಡು ವಾರ ಬಿದ್ದಿದ್ದ ಪತ್ರಕ್ಕೆ ಆ ಎರಡು ವಾರ ಕಳೆದುಹೋಗಿರುತ್ತವೆ.

ಶಿಕ್ಷಕಿಗೆ ಪತ್ರ ತಲುಪಿದ್ದು ಸೆಪ್ಟೆಂಬರ್ 12. ತಲುಪಿದ ದಿನವನ್ನು ಬಿಟ್ಟು 13ನೆಯ ತಾರೀಕನ್ನು ಒಂದು ಎಂದು ಎಣಿಸಿದರೆ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ 18 ದಿನ, ಅಕ್ಟೋಬರ್ 12ಕ್ಕೆ 30 ದಿನ. 2024ರಲ್ಲಿ ಆ ದಿನ ಶನಿವಾರ, ವಿಜಯದಶಮಿ. ಆನ್‌ಲೈನ್ ಪಾವತಿಗೆ ರಜೆ ಅಡ್ಡಿಯಲ್ಲ, ಆದರೆ ಬ್ಯಾಂಕಿಗೆ ಹೋಗಿ ಚಲನ್ ಮೂಲಕ ಕಟ್ಟುವವರು ಹಬ್ಬದ ರಜೆಗಳಿಗಿಂತ ಮೊದಲೇ ಕೆಲಸ ಮುಗಿಸಬೇಕಾಗುತ್ತದೆ. ಸಾರದಲ್ಲಿ ‘30 ದಿನ’ ಎಂದು ಬರೆದರೆ ಸಾಲದು, ‘2024ರ ಅಕ್ಟೋಬರ್ 12, ಶನಿವಾರ’ ಎಂದು ಬರೆಯಬೇಕು ಎನ್ನುವುದು ಇದೇ ಕಾರಣಕ್ಕೆ. 30 ದಿನ ಎಂಬುದು ವಾರದ ನಂತರ ಓದಿದಾಗಲೂ 30 ದಿನವಾಗಿಯೇ ಕಾಣುತ್ತದೆ.

ಗಡುವು ಮೀರಿದರೆ ಸೆಕ್ಷನ್ 220(2)ರ ಪ್ರಕಾರ ಬಾಕಿಯ ಮೇಲೆ ತಿಂಗಳಿಗೆ ಶೇ 1ರ ಬಡ್ಡಿ ಶುರುವಾಗುತ್ತದೆ. ತಿಂಗಳಿನ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಹಿಡಿಯುತ್ತಾರೆ. 6,000ಕ್ಕೆ ತಿಂಗಳಿಗೆ 60 ರೂಪಾಯಿ. ಅಕ್ಟೋಬರ್ 20ಕ್ಕೆ ಕಟ್ಟಿದರೂ 60 ರೂಪಾಯಿ ಸೇರುತ್ತದೆ. ಈ ಮೊತ್ತ ಸಣ್ಣದು. ಆದರೆ ಬಾಕಿ ಹಾಗೆಯೇ ಉಳಿದರೆ ಮುಂದಿನ ವರ್ಷ ಬರಬೇಕಾದ ರೀಫಂಡಿನಿಂದ ಅದನ್ನು ಮುರಿದುಕೊಳ್ಳಲು ಸೆಕ್ಷನ್ 245 ಇಲಾಖೆಗೆ ಅವಕಾಶ ಕೊಡುತ್ತದೆ. ಹಾಗೆ ಮುರಿದುಕೊಳ್ಳುವ ಮುನ್ನ ಬರುವ ಪತ್ರವನ್ನು ಹೊಸ ಬೇಡಿಕೆ ಎಂದು ಭ್ರಮಿಸಿ ಎರಡು ಸಲ ಹಣ ಕಟ್ಟಿಬಿಡುವ ಅಪಾಯವಿದೆ. ಹಳೆಯ ಪತ್ರದ ಸಾರವನ್ನು ಬೇಡಿಕೆಯ ಉಲ್ಲೇಖ ಸಂಖ್ಯೆಯೊಡನೆ ಬರೆದಿಟ್ಟಿದ್ದರೆ ಎರಡೂ ಒಂದೇ ಬಾಕಿಯ ಮಾತು ಎಂದು ತಕ್ಷಣ ತಿಳಿಯುತ್ತದೆ.

ಇಷ್ಟಾದ ಮೇಲೆ ಶಿಕ್ಷಕಿಯ ಪತ್ರದ ಸಾರ ಹೀಗೆ ನಿಲ್ಲುತ್ತದೆ:

ಕೇಳಿರುವುದು: 2024-25ರ ಅಸೆಸ್‌ಮೆಂಟ್ ವರ್ಷದ ಬಾಕಿ ತೆರಿಗೆ, 143(1)ರ ಅಡಿಯಲ್ಲಿ.
ಮೊತ್ತ: 6,000 ರೂಪಾಯಿ. ಕಾರಣ: 6,000 ಟಿಡಿಎಸ್ ಲೆಕ್ಕಕ್ಕೆ ಹಿಡಿದಿಲ್ಲ.
ಕೊನೆಯ ದಿನ: 2024ರ ಅಕ್ಟೋಬರ್ 12, ಶನಿವಾರ.

ಎರಡನೆಯ ಸಾಲಿನ ಬಾಲದಲ್ಲಿರುವ ‘ಕಾರಣ’ ಹೆಚ್ಚುವರಿಯಾದದ್ದೆಂದು ತೋರಬಹುದು. ಆದರೆ ಸಂಕ್ಷೇಪಿಸುವಾಗ ಬಿಡಲೇಬಾರದ ತುಣುಕು ಅದು. ಕಾರಣವಿಲ್ಲದ ಸಾರವನ್ನು ಓದಿದವರು ಹಣ ಕಟ್ಟಿಬಿಡುತ್ತಾರೆ. ಈ ಪ್ರಕರಣದಲ್ಲಿ ಹಾಗೆ ಕಟ್ಟಿದರೆ ಒಂದೇ ತೆರಿಗೆಯನ್ನು ಎರಡು ಸಲ ಕೊಟ್ಟ ಹಾಗಾಗುತ್ತದೆ, ಏಕೆಂದರೆ ವ್ಯತ್ಯಾಸದ 6,000 ಬ್ಯಾಂಕು ಮುರಿದುಕೊಂಡ ಮೊತ್ತಕ್ಕೆ ಸರಿಯಾಗಿ ಸಮ. ಬೇಡಿಕೆಯ ಮೊತ್ತ ಗೊತ್ತಿರುವ ಯಾವುದೋ ಒಂದು ಅಂಕಿಗೆ ಹೀಗೆ ಪೂರ್ತಿ ಹೊಂದಿಕೊಂಡರೆ ತಪ್ಪು ಎಲ್ಲಿದೆಯೆಂಬುದರ ಸುಳಿವು ಅದರಲ್ಲೇ ಇರುತ್ತದೆ. ಸಿಪಿಸಿ ಟಿಡಿಎಸ್ ಒಪ್ಪಿಕೊಳ್ಳುವುದು ತೆರಿಗೆದಾರರ ಮಾತಿನ ಮೇಲಲ್ಲ, ಫಾರಂ 26ಎಎಸ್ ಎಂಬ ತೆರಿಗೆ ಪಾಸ್‌ಬುಕ್ಕಿನಲ್ಲಿ ಆ ನಮೂದು ಇದ್ದರೆ ಮಾತ್ರ. ಬ್ಯಾಂಕು ತನ್ನ ಟಿಡಿಎಸ್ ವಿವರಣೆಯಲ್ಲಿ ಪ್ಯಾನ್ ಸಂಖ್ಯೆಯ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದರೂ, ವಿವರಣೆಯನ್ನೇ ಸಲ್ಲಿಸದಿದ್ದರೂ ಶಿಕ್ಷಕಿಯ 26ಎಎಸ್‌ನಲ್ಲಿ ಆ 6,000 ಕಾಣುವುದಿಲ್ಲ.

ಇಲ್ಲಿ ದಾರಿ ಎರಡಾಗುತ್ತದೆ. ಬೇಡಿಕೆ ಸರಿಯಿದ್ದರೆ, ಉದಾಹರಣೆಗೆ ಯಾವುದೋ ಬಡ್ಡಿ ಆದಾಯವನ್ನು ತೋರಿಸಲು ಮರೆತದ್ದು ನಿಜವಿದ್ದರೆ, ತಾಣದ `e-Pay Tax` ವಿಭಾಗದಲ್ಲಿ ಬೇಡಿಕೆಯ ಪಾವತಿ ಎಂಬ ಬಗೆಯನ್ನೇ ಆರಿಸಿ ಕಟ್ಟಬೇಕು. ಅದರ ಸಂಕೇತ `400`. ರಿಟರ್ನ್ ಸಲ್ಲಿಸುವಾಗ ಕಟ್ಟುವ ಸ್ವಯಂ ನಿರ್ಧಾರಣಾ ತೆರಿಗೆಯ ಸಂಕೇತ `300`. ಅಭ್ಯಾಸಬಲದಿಂದ ಅದನ್ನು ಆರಿಸಿದವರ ಹಣ ಸರ್ಕಾರಕ್ಕೆ ಸೇರುತ್ತದೆ, ಆದರೆ ಬೇಡಿಕೆ ಮಾತ್ರ ತೀರದೆ ನಿಂತಿರುತ್ತದೆ.

ಬೇಡಿಕೆ ತಪ್ಪಿದ್ದರೆ `Response to Outstanding Demand` ಎಂಬಲ್ಲಿ ಒಪ್ಪಿಗೆಯಿಲ್ಲ ಎಂದು ಕಾರಣ ಸಹಿತ ದಾಖಲಿಸಬೇಕು. ಅಲ್ಲಿರುವ `Demand is correct` ಎಂಬ ಆಯ್ಕೆಯನ್ನು ಒತ್ತಿ ಸಲ್ಲಿಸಿದ ಮೇಲೆ ಮತ್ತೆ ತಕರಾರು ಎತ್ತಲು ಬರುವುದಿಲ್ಲ. ಆದ್ದರಿಂದ ಕಾರಣ ತಿಳಿಯುವವರೆಗೆ ಅದನ್ನು ಮುಟ್ಟದಿರುವುದೇ ಕ್ಷೇಮ. ಶಿಕ್ಷಕಿಯ ವಿಷಯದಲ್ಲಿ ಅಸಲಿ ರಿಪೇರಿ ಆಗಬೇಕಾದದ್ದು ಬ್ಯಾಂಕಿನಲ್ಲಿ. ಬ್ಯಾಂಕು ತನ್ನ ಟಿಡಿಎಸ್ ವಿವರಣೆಯನ್ನು ತಿದ್ದಿ ಸಲ್ಲಿಸಿ, ನಮೂದು 26ಎಎಸ್‌ನಲ್ಲಿ ಕಾಣಿಸಿಕೊಂಡ ಬಳಿಕ, ಸೆಕ್ಷನ್ 154ರ ಅಡಿಯಲ್ಲಿ ರಿಟರ್ನ್ ಅನ್ನು ಮತ್ತೆ ಸಂಸ್ಕರಿಸುವಂತೆ ತಾಣದಲ್ಲೇ ಕೋರಿಕೆ ಹಾಕಬಹುದು. ಈ ತಿದ್ದುಪಡಿಗೆ ಆದೇಶ ಹೊರಟ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷಗಳವರೆಗೆ ಅವಕಾಶವಿದೆ. ಮೇಲ್ಮನವಿಗಾದರೆ 30 ದಿನ ಮಾತ್ರ. ಹೀಗೆ ಒಂದೇ ಪತ್ರಕ್ಕೆ ಮೂರು ಗಡುವುಗಳಿದ್ದರೂ ಸಾರದಲ್ಲಿ ಮೊದಲು ಬರೆಯಬೇಕಾದದ್ದು ಹಣಕ್ಕೆ ಸಂಬಂಧಿಸಿದ್ದನ್ನೇ. ತಕರಾರು ದಾಖಲಿಸಿದ ಮಾತ್ರಕ್ಕೆ ಅಕ್ಟೋಬರ್ 12 ಮುಂದಕ್ಕೆ ಹೋಗುವುದಿಲ್ಲ. ತಿದ್ದುಪಡಿಯಿಂದ ಬೇಡಿಕೆ ಇಳಿದರೆ ಅದರ ಮೇಲಿನ ಬಡ್ಡಿಯೂ ಅಷ್ಟರ ಮಟ್ಟಿಗೆ ಇಳಿಯುತ್ತದೆ, ಬೇಡಿಕೆ ಪೂರ್ತಿ ರದ್ದಾದರೆ ಬಡ್ಡಿಯೂ ಉಳಿಯುವುದಿಲ್ಲ.

ವಿದ್ಯುತ್ ಬಾಕಿಯ ನೋಟಿಸಿಗೂ ಇವೇ ಮೂರು ಪ್ರಶ್ನೆಗಳು ಸಾಕು, ಆದರೆ ದಿನ ಎಣಿಸುವ ರೀತಿ ಬೇರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಸೆಕ್ಷನ್ 56ರ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಕಂಪನಿ ಲಿಖಿತವಾಗಿ 15 ಪೂರ್ಣ ದಿನಗಳ ನೋಟಿಸ್ ಕೊಡಬೇಕು. ಪೂರ್ಣ ದಿನ ಎಂದಾಗ ನೋಟಿಸ್ ತಲುಪಿದ ದಿನವೂ ಸೇರುವುದಿಲ್ಲ, ಸಂಪರ್ಕ ಕಡಿಯುವ ದಿನವೂ ಸೇರುವುದಿಲ್ಲ. 3ನೆಯ ತಾರೀಕು ನೋಟಿಸ್ ಕೈಸೇರಿದ್ದರೆ 4ರಿಂದ 18ರವರೆಗೆ ಗ್ರಾಹಕರ ಕಾಲ, 19ಕ್ಕಿಂತ ಮುಂಚೆ ಸಂಪರ್ಕ ಕಡಿಯುವಂತಿಲ್ಲ. ಸಾರದಲ್ಲಿ ಬರೆಯಬೇಕಾದ ದಿನ 18.

ಮೊತ್ತದ ವಿಷಯದಲ್ಲಿ ಇಲ್ಲಿನ ಗೊಂದಲ ಹಳೆಯ ಬಾಕಿ ಮತ್ತು ಚಾಲ್ತಿ ತಿಂಗಳ ಬಿಲ್ಲು ಬೆರೆಯುವುದರಿಂದ ಹುಟ್ಟುತ್ತದೆ. ಬಿಲ್ಲಿನ ಒಟ್ಟು ಮೊತ್ತದಲ್ಲಿ ಎರಡೂ ಸೇರಿರಬಹುದು. ನೋಟಿಸ್ ಕೇಳುತ್ತಿರುವುದು ಮಾತ್ರ ಬಾಕಿಯನ್ನು, ಚಾಲ್ತಿ ಬಿಲ್ಲಿಗೆ ಅದರದೇ ಕೊನೆಯ ದಿನ ಇರುತ್ತದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳುವುದೇ ಸರಿ. ಬಾಕಿಯ ಅಂಕಿಯೇ ತಪ್ಪೆನ್ನುವವರಿಗೆ ಅದೇ ಸೆಕ್ಷನ್ ಒಂದು ದಾರಿ ಇಟ್ಟಿದೆ. ತಕರಾರನ್ನು ಬಿಟ್ಟುಕೊಡದೆ, ಕೇಳಿರುವ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಆಧಾರದ ತಿಂಗಳ ಶುಲ್ಕವನ್ನೋ, ಇವೆರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಇಟ್ಟರೆ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಬಾಕಿ ಮೊದಲು ಬಿದ್ದ ದಿನದಿಂದ ಎರಡು ವರ್ಷ ಕಳೆದಿದ್ದು, ಅಷ್ಟೂ ಕಾಲ ಬಿಲ್ಲುಗಳಲ್ಲಿ ಅದನ್ನು ಬಾಕಿ ಎಂದು ಸತತವಾಗಿ ತೋರಿಸದೆ ಇದ್ದರೆ ಆ ಮೊತ್ತವನ್ನು ಈ ಸೆಕ್ಷನ್ ಅಡಿಯಲ್ಲಿ ವಸೂಲಿ ಮಾಡಲು ಬರುವುದಿಲ್ಲ. ಹಾಗಾಗಿ ವಿದ್ಯುತ್ ನೋಟಿಸಿನ ಸಾರದಲ್ಲಿ ಮೊತ್ತದ ಪಕ್ಕ ಅದು ಯಾವ ತಿಂಗಳಿನ ಬಾಕಿ ಎಂಬುದನ್ನೂ ಬರೆದು, ಹಳೆಯ ಬಿಲ್ಲುಗಳನ್ನು ಅದರ ಜೊತೆಗೇ ಇಟ್ಟಿರಬೇಕು.